ಪದಚರ್ಚೆ: ಬುದ್ಧನ ‘ಚೇತನಾ’ವನ್ನು ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಕರ್ಮದ ಬಗ್ಗೆ ಹಿಂದೂ ಮತ್ತು ಬೌದ್ಧ ನಿಲುವುಗಳನ್ನು ಹೋಲಿಸುವ ಪುಟ್ಟ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಂಗುತ್ತರ ನಿಕಾಯದಲ್ಲಿ ಬುದ್ಧ ‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ’ ಎನ್ನುತ್ತಾನೆ. ಇಲ್ಲಿ ಚೇತನಾ ಎಂದರೆ ಕ್ರಿಯೆಯ ಹಿಂದಿರುವ ಮನಸ್ಸಿನ ಪ್ರೇರಣೆ. ‘ಚೇತನವನ್ನೇ ಕರ್ಮ ಎನ್ನುತ್ತೇನೆ’ ಎಂದು ಬರೆದರೆ ನಮ್ಮ ಓದುಗರು ಜೀವ, ಆತ್ಮ ಎಂದುಕೊಳ್ಳುತ್ತಾರೆ. ಆತ್ಮವನ್ನೇ ಒಪ್ಪದವನ ಬಾಯಿಗೆ ಅದನ್ನು ತುರುಕಿದಂತಾಗುತ್ತದೆ. ‘ಸಂಕಲ್ಪ’ ಎಂದರೆ ಪೂಜೆಗೆ ಕುಳಿತವರ ಕೈಯಲ್ಲಿನ ಅಕ್ಷತೆ ನೆನಪಾಗುತ್ತದೆ. ‘ಉದ್ದೇಶ’ ಎಂದರೆ ಮುಂದಿರುವ ಗುರಿ.

ಲೇಖನ ನಿಂತಿರುವುದು ಹುಳುಗಳ ಎರಡು ಕಥೆಗಳ ಮೇಲೆ. ಧಮ್ಮಪದದ ವ್ಯಾಖ್ಯಾನವಾದ ಅಟ್ಠಕಥೆಯ ಮೊದಲ ಕಥೆಯಲ್ಲಿ ಚಕ್ಖುಪಾಲನೆಂಬ ಕುರುಡು ಥೇರ, ಅಂದರೆ ಹಿರಿಯ ಭಿಕ್ಷು, ಮಳೆ ಬಂದು ಹೋದ ಮೇಲೆ ನಸುಕಿನಲ್ಲಿ ಅಡ್ಡಾಡುತ್ತ ಹುಳುಗಳನ್ನು ತುಳಿಯುತ್ತಾನೆ. ಭಿಕ್ಷುಗಳು ದೂರು ಒಯ್ಯುತ್ತಾರೆ. ‘ಅವನು ಕೊಲ್ಲುವುದನ್ನು ನೀವು ಕಂಡಿರಾ?’ ಎಂದು ಬುದ್ಧ ಕೇಳುತ್ತಾನೆ. ಇಲ್ಲ ಎನ್ನುತ್ತಾರೆ. ನೀವು ಅವನನ್ನು ಕಾಣದಂತೆಯೇ ಅವನು ಹುಳುಗಳನ್ನು ಕಾಣಲಿಲ್ಲ, ಕೊಲ್ಲುವ ಚೇತನಾ ಅವನಲ್ಲಿಲ್ಲ ಎಂಬುದು ತೀರ್ಪು. ಇನ್ನೊಂದು ಮಹಾಭಾರತದ ಆದಿಪರ್ವದ ಮಾಂಡವ್ಯನ ಕಥೆ. ಕಳ್ಳರು ಆಶ್ರಮದಲ್ಲಿ ಮಾಲು ಬಚ್ಚಿಟ್ಟರು, ರಾಜಭಟರು ಮೌನವ್ರತದಲ್ಲಿದ್ದ ಋಷಿಯನ್ನು ಶೂಲಕ್ಕೇರಿಸಿದರು. ಕಾರಣ ಕೇಳಿದರೆ ಧರ್ಮದೇವತೆ, ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲ ಎಂದ. ಬೌದ್ಧರಲ್ಲಿ ಮನಸ್ಸು, ಹಿಂದೂಗಳಲ್ಲಿ ಕ್ರಿಯೆ ಎಂದು ಹೇಳಿ ಮುಗಿಸಬಹುದೇ? ಚೇತನಾಕ್ಕೆ ಯಾವ ಪದ?
– ಶಾ.

ಮುಗಿಸಬಹುದು ಶಾ. ಅವರೇ. ‘ಮಾಡಿದ್ದುಣ್ಣೋ ಮಹರಾಯ’ ಎಂದೇ ಗಾದೆಯಿದೆ, ‘ಎಣಿಸಿದ್ದುಣ್ಣೋ’ ಎಂದಿಲ್ಲ. ಒಲೆ, ಬೀಸುವ ಕಲ್ಲು, ಪೊರಕೆ, ಒನಕೆ, ನೀರಿನ ಕೊಡ ಇವೈದನ್ನೂ ಮನು ಗೃಹಸ್ಥನ ಕೊಲೆಯ ಜಾಗಗಳೆಂದೇ ಹೇಳಿದ್ದಾನೆ. ಪರಿಹಾರಕ್ಕೆ ದಿನವೂ ಪಂಚಮಹಾಯಜ್ಞ. ಗುಡಿಸುವಾಗ ಇರುವೆ ಸಾಯಲಿ ಎಂದು ಯಾರು ಬಯಸುತ್ತಾರೆ? ಆದರೂ ದೋಷ ತಪ್ಪಿಲ್ಲ. ಪದ ‘ಉದ್ದೇಶ’ವೇ ಸಾಕು.
– ವೆಂ.

ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ನಮ್ಮಜ್ಜಿ ಹಾಲು ಉಕ್ಕಿದರೂ ‘ಕರ್ಮ ಕರ್ಮ’ ಎನ್ನುತ್ತಿದ್ದರು. ಅವರ ತಿಥಿ ಮಾಡಿಸುವ ಪುರೋಹಿತರು ತಮ್ಮ ಕೆಲಸವನ್ನೂ ಕರ್ಮ ಎನ್ನುತ್ತಾರೆ. ಇವೆರಡೂ ಒಂದೇ ಪದವೇ ಎಂಬುದು ನನ್ನ ಬಹುದಿನದ ಅನುಮಾನ.
– ಗೌರಿ

ಒಂದೇ ಪದ ಗೌರಿಯವರೇ. ಒಂದು ಮಾಡುವ ವಿಧಿ, ಇನ್ನೊಂದು ಹಿಂದೆ ಮಾಡಿದ್ದರ ಫಲ. ಅಜ್ಜಿ ಫಲಕ್ಕೆ ಮೂಲದ ಹೆಸರಿಟ್ಟರು.

ವೆಂ. ಅವರ ಪಂಚಸೂನೆಯ ಉದಾಹರಣೆ ಗಟ್ಟಿ, ತೀರ್ಮಾನ ಸಡಿಲ. ಅದೇ ಮನುಸ್ಮೃತಿಯ 11ನೆಯ ಅಧ್ಯಾಯ ಅರಿಯದೆ ಮಾಡಿದ ಪಾಪಕ್ಕೆ ವೇದಪಾಠ ಸಾಕು, ಬೇಕೆಂದೇ ಮಾಡಿದ್ದಕ್ಕೆ ಬೇರೆ ಪ್ರಾಯಶ್ಚಿತ್ತ ಬೇಕು ಎನ್ನುತ್ತದೆ. ಬೃಹದಾರಣ್ಯಕದಲ್ಲಿ ಕಾಮದಂತೆ ಕ್ರತು ಎಂಬ ನಿಶ್ಚಯ, ಕ್ರತುವಿನಂತೆ ಕರ್ಮ ಎಂಬ ಸರಣಿಯೇ ಇದೆ. ಮಾಂಡವ್ಯನ ಕಥೆಯೂ ಶೂಲದಲ್ಲಿ ಮುಗಿಯುವುದಿಲ್ಲ. ತಿಳಿವಳಿಕೆಯಿಲ್ಲದ ಮಗುವಿಗೆ ಇಷ್ಟು ಶಿಕ್ಷೆಯೇ ಎಂದು ಸಿಟ್ಟಾದ ಋಷಿ ಧರ್ಮನನ್ನೇ ವಿದುರನಾಗಿ ಹುಟ್ಟೆಂದು ಶಪಿಸುತ್ತಾನೆ, 14ನೆಯ ವರ್ಷದವರೆಗೆ ಮಾಡಿದ್ದು ಪಾತಕವಾಗದು ಎಂದು ಗಡಿ ಹಾಕುತ್ತಾನೆ. ಅಂದರೆ ಮನಸ್ಸಿನ ಪಾತ್ರದ ಜಗಳ ಹಿಂದೂ ಕಥೆಯೊಳಗೇ ನಡೆದಿದೆ. ವ್ಯತ್ಯಾಸವೆಂದರೆ, ಇಲ್ಲಿ ಮನಸ್ಸು ದೋಷದ ತೂಕವನ್ನು ಏರಿಳಿಸುತ್ತದೆ. ಬುದ್ಧನಲ್ಲಿ ಅದಿಲ್ಲದಿದ್ದರೆ ತೂಗುವುದಕ್ಕೇ ಏನೂ ಇಲ್ಲ.

ಚಕ್ಖುಪಾಲನ ಕಥೆಯ ಉಳಿದರ್ಧವನ್ನು ಲೇಖನದಲ್ಲಿ ಬಿಡಬೇಡಿ. ಅವನೇಕೆ ಕುರುಡಾದ? ಹಿಂದಿನ ಜನ್ಮದಲ್ಲಿ ವೈದ್ಯ. ಕಣ್ಣು ವಾಸಿಯಾದರೆ ಮಕ್ಕಳೊಂದಿಗೆ ದಾಸಿಯಾಗುತ್ತೇನೆಂದ ಹೆಂಗಸು, ವಾಸಿಯಾದ ಮೇಲೆ ನೋವು ಹೆಚ್ಚಿತೆಂದು ಸುಳ್ಳಾಡಿದಳು. ಅದನ್ನರಿತ ವೈದ್ಯ ಬೇಕೆಂದೇ ಬೇರೆ ಔಷಧ ಕೊಟ್ಟು ಕುರುಡಾಗಿಸಿದ. ತುಳಿದ ಹುಳುಗಳಿಗೆ ಲೆಕ್ಕವಿಲ್ಲ, ಆ ಔಷಧಕ್ಕೆ ಇದೆ.

ಆದರೆ ಆತ್ಮವಿಲ್ಲದಿದ್ದರೆ ಆ ವೈದ್ಯನ ಫಲ ಈ ಥೇರನಿಗೇಕೆ? ಗೀತೆಗೆ ಈ ತೊಡಕಿಲ್ಲ, ಬಟ್ಟೆ ಬದಲಾದರೂ ತೊಟ್ಟವನು ಅವನೇ. ದೊರೆ ಮಿಲಿಂದ ಮತ್ತು ಭಿಕ್ಷು ನಾಗಸೇನರ ಸಂವಾದವಾದ ಮಿಲಿಂದಪನ್ಹದಲ್ಲಿ ನಾಗಸೇನ ಮಾವಿನಹಣ್ಣಿನ ಕಳ್ಳನನ್ನು ತರುತ್ತಾನೆ. ‘ನೆಟ್ಟ ಹಣ್ಣು ಬೇರೆ, ನಾನು ಕದ್ದದ್ದು ಬೇರೆ’ ಎಂದು ಕಳ್ಳ ವಾದಿಸಿದರೆ ದೊರೆ ಬಿಡುವನೇ? ಅದರಿಂದ ಇದು ಬೆಳೆದದ್ದಲ್ಲವೇ? ಹಾಗಾಗಿ ಬೌದ್ಧ ಭಾಗದಲ್ಲಿ ‘ಪುನರ್ಜನ್ಮ’ಕ್ಕಿಂತ ‘ಪುನರ್ಭವ’ ವಾಸಿ. ಪಾಲಿಯಲ್ಲೂ ‘ಪುನಬ್ಭವ’ ಎಂದೇ ಇದೆ.

ಚೇತನಾಕ್ಕೆ ನನ್ನ ಮತ ‘ಸಂಕಲ್ಪ’ಕ್ಕೆ. ಅಕ್ಷತೆ ನೆನಪಾದರೆ ಆಗಲಿ.
– ನಾ.

ನಾ. ಅವರೇ, ಹಿಂದೂ ಭಾಗವನ್ನು ತಿದ್ದಿ ಬರೆಯುತ್ತೇನೆ. ‘ಪುನರ್ಭವ’ವೂ ಸರಿ. ಆದರೆ ಸಂಕಲ್ಪ ಎಂದರೆ ಮೊದಲೇ ನಿಶ್ಚಯಿಸಿಕೊಂಡದ್ದು. ಸಿಟ್ಟಿನ ಭರದಲ್ಲಿ ತಟ್ಟನೆ ಎತ್ತಿದ ಕೈಯ ಹಿಂದೆ ಸಂಕಲ್ಪ ಎಲ್ಲಿದೆ? ಅಲ್ಲೂ ಚೇತನಾ ಇದೆಯಲ್ಲ!
– ಶಾ.

ಇದಕ್ಕೇ ‘ಉದ್ದೇಶ’ ಎಂದದ್ದು.
– ವೆಂ.

ಉದ್ದೇಶವೂ ಮೊದಲೇ ಇರುವುದಲ್ಲವೇ ವೆಂ. ಅವರೇ? ಕೈಯೆತ್ತುವಾಗ ‘ಮನಸ್ಸು ಮಾಡುವುದು’ ಎನ್ನುತ್ತೇವಲ್ಲ, ಅದು ಆಗದೇ?
– ಗೌರಿ