ಕಬ್ಬಿನ ದರದ ಚರ್ಚೆ ರೆಕಾರ್ಡ್ ಆಗಿದೆ, ಯಾರ ಕಡೆಗೂ ವಾಲದೆ ಸಾರಾಂಶ ಬರೆಯೋದು ಹೇಗೆ?

ಮುಧೋಳದ ಓದುಗಿ:
ನಮ್ಮ ಓದುಗರ ಬಳಗದಲ್ಲಿ ಕಬ್ಬಿನ ದರದ ಬಗ್ಗೆ ಚರ್ಚೆ ಇಟ್ಟಿದ್ದೆವು. ರೈತ ಮುಖಂಡರು, ಕಾರ್ಖಾನೆ ಪರವಾಗಿ ಒಬ್ಬರು, ಕಟಾವು ಗ್ಯಾಂಗಿನ ಮುಕಾದಮ, ಸಕ್ಕರೆ ಇಲಾಖೆಯಿಂದ ನಿವೃತ್ತರಾದ ಅಧಿಕಾರಿ, ಹೀಗೆ ನಾಲ್ವರು. ಎರಡು ತಾಸಿಗೂ ಮೀರಿದ ರೆಕಾರ್ಡಿಂಗ್ ಇದೆ. ಯಾರ ವಾದ ಏನು, ಎಲ್ಲಿ ಒಪ್ಪಿದರು ಅಂತ ಎರಡು ಪುಟದಲ್ಲಿ ಬರೆದು ನಾಲ್ವರಿಗೂ ಕೊಡಬೇಕು. ನಮ್ಮ ಮನೆಯಲ್ಲೂ ಕಬ್ಬು ಬೆಳೆಯುತ್ತಾರೆ, ಹಾಗಾಗಿ ಒಂದು ಕಡೆ ವಾಲಿಬಿಟ್ಟೇನು ಅನ್ನೋ ಭಯ. ಇಂಥದ್ದನ್ನು ಮಾಡಿದವರು ಹೇಳಿ.

ಬಾಗಲಕೋಟೆಯ ಪತ್ರಿಕೋದ್ಯಮ ವಿದ್ಯಾರ್ಥಿ:
ಸುಲಭ ಅಕ್ಕಾ. ನಾಲ್ವರಿಗೂ ಸಮನಾಗಿ ಸಾಲು ಹಂಚಿಬಿಡಿ. ಒಬ್ಬೊಬ್ಬರಿಗೆ ಹತ್ತು ಸಾಲು. ಕೊನೆಗೆ ‘ಒಮ್ಮತದ ಅಂಶಗಳು’ ಅಂತ ನಾಲ್ಕೈದು ಬರೆಯಿರಿ. ಯಾರೂ ಬೈಯೋದಿಲ್ಲ.

ಜಮಖಂಡಿಯ ಬೆಳೆಗಾರ:
ತಂಗೀ, ನೀವು ಯಾಕೆ ನಡುವೆ ನಿಲ್ಲಬೇಕು? ಕೇಂದ್ರ ಸರ್ಕಾರವೇ ಟನ್ನಿಗೆ 3,550 ಅಂದಿದೆ. ಕಾರ್ಖಾನೆಯವರು ಅದಕ್ಕಿಂತ ಕಡಿಮೆ ಕೊಟ್ಟರೆ ಅನ್ಯಾಯ ಅಂತ ಬರೀರಿ, ಮುಗೀತು. ನಮ್ಮ ಹೋದ ಹಂಗಾಮಿನ ಬಿಲ್ಲೇ ತಡವಾಗಿ ಬಂತು. ಅದನ್ನೂ ಸೇರಿಸಿ.

ಮುಧೋಳದ ಓದುಗಿ:
ಅಣ್ಣಾ, ನಿಮ್ಮ ಸಿಟ್ಟು ಅರ್ಥ ಆಗ್ತದೆ. ಆದರೆ ನಿಮ್ಮ ಬಿಲ್ಲು ಈ ಚರ್ಚೆಯಲ್ಲಿ ಬಂದೇ ಇಲ್ಲವಲ್ಲ. ಅಲ್ಲಿ ಆಡಿದ ಮಾತಷ್ಟೇ ನಾನು ಬರೆಯಬೇಕು.

ಬೆಳಗಾವಿಯ ನಡಾವಳಿ ಬರಹಗಾರ:
ಸಹಕಾರಿ ಸಂಘವೊಂದರಲ್ಲಿ ನಡಾವಳಿ, ಠರಾವು ಬರೆಯೋದೇ ನನ್ನ ಕೆಲಸವಾಗಿತ್ತು. ಜಗಳದ ಸಭೆಗಳೇ ಜಾಸ್ತಿ. ಸಮ ಸಾಲಿನ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಎಂಟು ವಾದ ಇಟ್ಟವರನ್ನೂ ಒಂದೇ ವಾದವನ್ನು ಎಂಟು ಸಲ ಹೇಳಿದವರನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ ಮೊದಲಿನವರಿಗೆ ನಷ್ಟ. ಆ ಹುಡುಗ ಹೇಳಿದ್ದರಲ್ಲಿ ಸರಿ ಇರುವುದು ಇಷ್ಟು: ಒಬ್ಬರ ವಾದಕ್ಕೆ ಕಾರಣ ಕೊಟ್ಟರೆ ಉಳಿದವರ ವಾದಕ್ಕೂ ಅವರು ಹೇಳಿದ ಕಾರಣ ಕೊಡಬೇಕು.

ಮೊದಲ ಸಲ ಕೇಳುವಾಗ ಸಾರಾಂಶ ಬರೆಯಬೇಡಿ. ಒಂದು ಉದ್ದನೆಯ ಹಾಳೆಯಲ್ಲಿ ಮನೆ ಹಾಕಿ: ಸಮಯ, ಯಾರು, ಏನು ಹೇಳಿದರು, ಅದಕ್ಕೆ ಏನು ಆಧಾರ ಕೊಟ್ಟರು, ಯಾರ ಮಾತಿಗೆ ಉತ್ತರ. ಕೊನೆಯ ಮನೆಯನ್ನು ಎಲ್ಲರೂ ಬಿಡುತ್ತಾರೆ. ಅದು ಇಲ್ಲದಿದ್ದರೆ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು, ಯಾವುದು ಹಾಗೇ ನೇತಾಡುತ್ತಿದೆ ಅಂತ ಆಮೇಲೆ ಗೊತ್ತಾಗೋದಿಲ್ಲ. ದನಿ ಗುರುತು ಸಿಗದ ಕಡೆ ‘ಸಭಿಕರೊಬ್ಬರು’ ಅಂತ ಬಿಡಿ, ಊಹೆ ಮಾಡಬೇಡಿ.

ಎರಡನೆಯ ಸುತ್ತಿನಲ್ಲಿ ವ್ಯಕ್ತಿಗಳನ್ನು ಬಿಟ್ಟು ಪ್ರಶ್ನೆಗಳ ಪ್ರಕಾರ ಜೋಡಿಸಿ: ದರ ಎಷ್ಟು, ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ ಅಂದರೆ ರಿಕವರಿ ಯಾರು ಅಳೆಯಬೇಕು, ಬಿಲ್ ಯಾವಾಗ, ಕಟಾವಿನ ಖರ್ಚು ಯಾರದು. ಆಗ ನಿವೃತ್ತ ಅಧಿಕಾರಿ ಒಂದು ಪ್ರಶ್ನೆಯಲ್ಲಿ ರೈತರ ಜೊತೆ, ಇನ್ನೊಂದರಲ್ಲಿ ಕಾರ್ಖಾನೆಯ ಜೊತೆ ಇರೋದು ಕಾಣಬಹುದು. ‘ಅವರ ಕಡೆ’ ಅಂತ ಮೊದಲೇ ಒಂದು ಡಬ್ಬಿಗೆ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಮೂರ್ನಾಲ್ಕು ನಿಮಿಷದ ಮಾತನ್ನು ಇಲ್ಲೇ ಹಾಕಿ, ಮಾಡಿ ತೋರಿಸುತ್ತೇನೆ.

ಮುಧೋಳದ ಓದುಗಿ:
ಸರ್, ಇದು ತೀರಾ ಬಿಸಿಯಾದ ಭಾಗ. ಅವರ ಮಾತಲ್ಲೇ ಬರೆದಿದ್ದೇನೆ.

41:10 ರೈತ ಮುಖಂಡರು: ‘ಕೇಂದ್ರದವ್ರು 3,550 ಅಂದಾರ. ನಾವು ಕೇಳೋದು ಟನ್ನಿಗೆ ಮೂರೂವರಿ ಸಾವಿರ, ಅದೂ ಕೈಗೆ ಬರಬೇಕು. ರಿಕವರಿ ಅವರ ಅಳೀತಾರ, ಅವರ ಬರೀತಾರ. ನಾವು ಹೆಂಗ ನಂಬೂದು?’

42:05 ಕಾರ್ಖಾನೆ ಪರ: ‘ರಿಕವರಿ ಪ್ರಕಾರನೇ ದರ ಇರಬೇಕು ಅಂತ ನಾವೂ ಹೇಳ್ತೇವೆ. 3,300 ಕೊಡಬಹುದು. ಸಕ್ಕರೆಯ ಕನಿಷ್ಠ ಮಾರಾಟ ದರ ಕಿಲೋಗೆ 31 ರೂಪಾಯಿ ಅಂತ 2019ರಲ್ಲಿ ಮಾಡಿದ್ದು. ಅಲ್ಲಿಂದ ಕಬ್ಬಿನ ದರ ಎಷ್ಟು ಸಲ ಏರಿತು, ನೋಡಿ.’

43:30 ಮುಕಾದಮ: ‘ನಿಮ್ಮಿಬ್ಬರ ಲೆಕ್ಕದಾಗ ಕಟಾವಿನ ಕೂಲಿ ಎಲ್ಲೈತಿ? ಅದನ್ನ ಯಾರೂ ಮಾತಾಡವಲ್ರಿ.’

44:20 ಅಧಿಕಾರಿ: ‘14 ದಿನದಲ್ಲಿ ಹಣ ಕೊಡಬೇಕು ಅಂತ ಕಾನೂನೇ ಇದೆ. ಇದನ್ನ ಯಾರೂ ಅಲ್ಲಗಳೆಯೋದಿಲ್ಲ.’

44:50 ಕಾರ್ಖಾನೆ ಪರ: ‘ಹೂಂ, ಅದು ಸರಿ. ಆದರೆ ಸಕ್ಕರೆ ಮಾರಾಟ ಆಗಬೇಕಲ್ಲ.’ (ರೈತ ಮುಖಂಡರು ನಕ್ಕರು.)

ನಾನು ಬರೆದದ್ದು: ‘ದರದಲ್ಲಿ ಇಬ್ಬರ ನಡುವೆ 200 ರೂಪಾಯಿ ಅಂತರ. ರಿಕವರಿ ಆಧಾರದ ದರಕ್ಕೆ ಇಬ್ಬರೂ ಒಪ್ಪಿದರು. 14 ದಿನದ ನಿಯಮಕ್ಕೆ ಎಲ್ಲರ ಸಮ್ಮತಿ.’

ಬೆಳಗಾವಿಯ ನಡಾವಳಿ ಬರಹಗಾರ:
ಒಳ್ಳೆಯ ತುಣುಕು ಹಾಕಿದ್ದೀರಿ. ಆ ಮೂರು ಸಾಲೂ ನಿಲ್ಲೋದಿಲ್ಲ. ಒಂದೊಂದಾಗಿ ನೋಡೋಣ.

200 ರೂಪಾಯಿ ಅಂತರ. ರೈತರು ‘ಕೈಗೆ’ ಅಂದಿದ್ದಾರೆ. ಅಂದರೆ ಕಟಾವು, ಸಾಗಣೆ ಕಳೆದ ಮೇಲೆ ಉಳಿಯೋದು. ಕಾರ್ಖಾನೆಯವರ 3,300 ಕಳೆದ ಮೇಲಿನದೋ ಕಳೆಯುವ ಮುಂಚಿನದೋ, ಈ ತುಣುಕಿನಲ್ಲಿ ಇಲ್ಲ. ಕಟಾವು, ಸಾಗಣೆಗೆ ಟನ್ನಿಗೆ 800 ಅಂತ ಲೆಕ್ಕಕ್ಕೆ ಹಿಡಿಯಿರಿ. ಅವರದು ಕಳೆಯುವ ಮುಂಚಿನ ದರ ಆಗಿದ್ದರೆ ರೈತನ ಕೈಗೆ 2,500 ಬರುತ್ತದೆ. ಅಂತರ ಆಗ 200 ಅಲ್ಲ, 1,000. ನೀವು 200 ಅಂತ ಬರೆದರೆ ‘ಇನ್ನೇನು ಮುಗಿಯುವ ಜಗಳ’ ಅನ್ನಿಸುತ್ತದೆ, ಮತ್ತು ಅದು ಕಾರ್ಖಾನೆ ಕಡೆಗೆ ವಾಲಿದ ಹಾಗೆ. ನೀವು ಹೆದರಿದ್ದು ರೈತರ ಕಡೆ ವಾಲೋದಕ್ಕೆ, ಅಲ್ವಾ? ಉಳಿದ ರೆಕಾರ್ಡಿಂಗಿನಲ್ಲಿ ಸಾಗಣೆ ಅನ್ನೋ ಮಾತು ಬಂದ ಕಡೆಯೆಲ್ಲ ಮತ್ತೆ ಕೇಳಿ. ಎಲ್ಲೂ ಸಿಗದಿದ್ದರೆ ‘ಕಟಾವು, ಸಾಗಣೆ ಇದರಲ್ಲಿ ಸೇರಿದೆಯೇ ಎಂದು ಹೇಳಲಿಲ್ಲ’ ಅಂತಲೇ ಬರೆಯಿರಿ. ಕಳೆದು ಅಂತರ ಹಾಕುವ ಕೆಲಸ ಬೇಡ.

ಇನ್ನು ರಿಕವರಿ. ಕೇಳೋದಕ್ಕೆ ಒಪ್ಪಿಗೆ ಇದ್ದ ಹಾಗಿದೆ. ಆದರೆ ರೈತರ ತಕರಾರು ಯಾರು ಅಳೆಯುತ್ತಾರೆ ಅನ್ನೋದರ ಮೇಲೆ. ಕಾರ್ಖಾನೆಯವರು ಆ ಪ್ರಶ್ನೆಗೆ ಉತ್ತರ ಕೊಡದೆ ರಿಕವರಿ ಪ್ರಕಾರ ದರ ಇರಲಿ ಅಂದರು. ಅದನ್ನು ರೈತರು ಇಲ್ಲಿ ಹೇಳಿಯೇ ಇಲ್ಲ. ಹಾಗಾಗಿ ಇದು ಒಪ್ಪಿದ ಅಂಶ ಅಲ್ಲ, ಉತ್ತರ ಸಿಗದ ಪ್ರಶ್ನೆ. ‘ರಿಕವರಿ ಪ್ರಕಾರ ದರ ಇರಬೇಕೆಂದು ಕಾರ್ಖಾನೆ ಪರ ಹೇಳಿದರು. ಅಳತೆಯನ್ನು ಕಾರ್ಖಾನೆಯೇ ಮಾಡುವುದನ್ನು ರೈತ ಮುಖಂಡರು ಪ್ರಶ್ನಿಸಿದರು. ಈ ಭಾಗದಲ್ಲಿ ಅದಕ್ಕೆ ಉತ್ತರ ಬರಲಿಲ್ಲ.’ ಇಷ್ಟು ಸಾಕು.

14 ದಿನದ ವಿಷಯ. ‘ಯಾರೂ ಅಲ್ಲಗಳೆಯೋದಿಲ್ಲ’ ಅನ್ನೋದು ಅಧಿಕಾರಿಯ ಮಾತು, ಉಳಿದವರ ಒಪ್ಪಿಗೆ ಅಲ್ಲ. ಕಾರ್ಖಾನೆಯವರು ಸರಿ ಅಂದರು, ಜೊತೆಗೆ ಷರತ್ತು ಹಾಕಿದರು. ಷರತ್ತು ಬಿಟ್ಟು ಒಪ್ಪಿಗೆ ಮಾತ್ರ ಎತ್ತಿಕೊಂಡರೆ ನಾಳೆ ಅವರೇ ಬಂದು ಜಗಳ ತೆಗೆಯುತ್ತಾರೆ, ಮತ್ತು ನ್ಯಾಯ ಅವರ ಕಡೆಗೇ ಇರುತ್ತದೆ. ನಗು ಒಪ್ಪಿಗೆಯೂ ಅಲ್ಲ, ವಿರೋಧವೂ ಅಲ್ಲ. ಮುಕಾದಮರು ಏನೂ ಹೇಳಲಿಲ್ಲ. ಒಪ್ಪಿದ ಅಂಶ ಅಂತ ಬರೆಯುವ ಮುಂಚೆ ನಾನು ಪ್ರತಿಯೊಬ್ಬರ ಹೆಸರಿನ ಮುಂದೆ ಅವರದೇ ಮಾತಿನ ಸಮಯ ಬರೆಯುತ್ತಿದ್ದೆ. ಖಾಲಿ ಉಳಿದವರನ್ನು ಸೇರಿಸುವ ಹಾಗಿಲ್ಲ. ನಾಲ್ವರಲ್ಲಿ ಇಬ್ಬರೇ ಒಪ್ಪಿದ್ದರೆ ಆ ಇಬ್ಬರ ಹೆಸರು ಹೇಳಿ ಬರೆಯಬೇಕು. ಹೀಗೆ ಮಾಡಿದರೆ ಒಪ್ಪಿದ ಅಂಶಗಳು ಬಹಳ ಕಡಿಮೆ ಆಗುತ್ತವೆ. ಆಗಲಿ.

ಜಮಖಂಡಿಯ ಬೆಳೆಗಾರ:
ಸರ್, ಹಾಗಾದರೆ ಆ 3,550ನ್ನು ಏನು ಮಾಡ್ತೀರಿ? ಅದು ಸರ್ಕಾರದ್ದೇ ಅಂಕಿ. ಅದನ್ನೂ ಬರೀ ‘ಹೇಳಿದರು’ ಅಂತ ಹಾಕ್ತೀರಾ?

ಬೆಳಗಾವಿಯ ನಡಾವಳಿ ಬರಹಗಾರ:
ಹೌದು, ಅವರ ವಾದದಲ್ಲಿ ‘ಹೇಳಿದರು’ ಅಂತಲೇ. ಬೇಕಿದ್ದರೆ ಪುಟದ ಅಡಿಯಲ್ಲಿ ಬೇರೆಯಾಗಿ ಒಂದು ಟಿಪ್ಪಣಿ ಹಾಕಬಹುದು. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದು ಶೇ. 10.25 ರಿಕವರಿಗೆ. ರಿಕವರಿ ಪ್ರತಿ ಶೇ. 0.1 ಇಳಿದಾಗ 3.46 ರೂಪಾಯಿ ಇಳಿಯುತ್ತದೆ. ಶೇ. 9.5 ಮತ್ತು ಅದಕ್ಕಿಂತ ಕಡಿಮೆ ಇದ್ದರೆ 329.05ಕ್ಕೆ ನಿಲ್ಲುತ್ತದೆ. ಟನ್ನಿಗೆ ಹೇಳಿದರೆ 3,290 ರೂಪಾಯಿ 50 ಪೈಸೆ. ಅದೂ ಕಾರ್ಖಾನೆ ಗೇಟಿನ ದರ, ಕಟಾವು ಸಾಗಣೆ ಅದರೊಳಗೇ ಬರುತ್ತದೆ. ಹಾಗಾಗಿ 3,550 ಸುಳ್ಳಲ್ಲ, ಆದರೆ ಎಲ್ಲರಿಗೂ ಅಷ್ಟೇ ಅಲ್ಲ. ರೈತರ ಅಂಕಿಗೆ ಟಿಪ್ಪಣಿ ಹಾಕಿದರೆ ಕಾರ್ಖಾನೆಯವರ 31 ರೂಪಾಯಿಯನ್ನೂ ಪರಿಶೀಲಿಸಿ ಹಾಕಬೇಕು. ಒಂದೇ ಕಡೆಯ ಅಂಕಿಗೆ ಟಿಪ್ಪಣಿ ಹಾಕೋದೂ ವಾಲೋದೇ.

ವಿಜಯಪುರದ ಉಪನ್ಯಾಸಕಿ:
ಟಿಪ್ಪಣಿ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಂಕಿ ತಿದ್ದಲು ಶುರು ಮಾಡಿದರೆ ಬರೆಯುವವರು ಐದನೆಯ ವಾದಿ ಆಗುತ್ತಾರೆ. ಯಾವ ಅಂಕಿಗೆ ಟಿಪ್ಪಣಿ ಬೇಕು ಅಂತ ಆರಿಸೋದರಲ್ಲೇ ಮನಸ್ಸಿನ ಒಲವು ಬಂದುಬಿಡುತ್ತದೆ. ನಾನಾದರೆ ಅದನ್ನು ಬೇರೆ ಹಾಳೆಯಲ್ಲಿ ಕೊಡುತ್ತೇನೆ.

ನಾನು ಮಾಡುವ ಇನ್ನೊಂದು ಕೆಲಸ ಇದೆ. ಹಂಚುವ ಮುಂಚೆ ಪ್ರತಿಯೊಬ್ಬರಿಗೂ ಅವರ ವಾದದ ಭಾಗ ಮಾತ್ರ ತೋರಿಸುತ್ತೇನೆ. ‘ಸರಿ ಇದೆಯಾ’ ಅಂತ ಕೇಳಿದರೆ ಹೊಸ ವಾದ ಸೇರಿಸಿ ಕಳಿಸುತ್ತಾರೆ. ‘ಆ ದಿನ ನೀವು ಹೇಳಿದ್ದು ಇದೇನಾ, ಬಿಟ್ಟುಹೋಗಿದ್ದರೆ ಯಾವ ನಿಮಿಷದಲ್ಲಿದೆ’ ಅಂತ ಕೇಳಬೇಕು. ನಿಮಿಷ ತೋರಿಸಿದರೆ ಸೇರಿಸುತ್ತೇನೆ. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ವಾದ ಆದರೂ ಇಲ್ಲ.

ಬೆಳಗಾವಿಯ ನಡಾವಳಿ ಬರಹಗಾರ:
ಮೇಡಂ, ನಮ್ಮ ಸಂಘದಲ್ಲಿ ಹಾಗೆ ತೋರಿಸಿದರೆ ನಡಾವಳಿ ಮುಂದಿನ ವರ್ಷವೇ ಮುಗಿಯುತ್ತಿತ್ತು! ನಾಲ್ವರಿಗೆ ಸರಿ ಇರಬಹುದು.

ಬಾಗಲಕೋಟೆಯ ಪತ್ರಿಕೋದ್ಯಮ ವಿದ್ಯಾರ್ಥಿ:
ಸರ್, ಮುಕಾದಮರ ಮಾತು ಬಹಳ ಚಿಕ್ಕದು. ಪ್ರಶ್ನೆಗಳ ಪ್ರಕಾರ ಜೋಡಿಸಿದರೆ ಅವರು ಕಳೆದುಹೋಗೋದಿಲ್ವಾ? ಅದಕ್ಕೇ ನಾನು ಸಮ ಸಾಲು ಅಂದಿದ್ದು.

ಬೆಳಗಾವಿಯ ನಡಾವಳಿ ಬರಹಗಾರ:
ಇದು ಒಳ್ಳೆಯ ಪ್ರಶ್ನೆ. ಸಾಲು ಉದ್ದ ಮಾಡಬೇಡಿ, ಅವರ ಪ್ರಶ್ನೆಗೆ ಸ್ವಂತ ಜಾಗ ಕೊಡಿ. ‘ಕಟಾವಿನ ಕೂಲಿ’ ಅಂತ ಒಂದು ತಲೆಬರಹ. ಕೆಳಗೆ ಅವರು ಕೇಳಿದ್ದು, ಅದಕ್ಕೆ ಯಾರಾದರೂ ಉತ್ತರಿಸಿದ್ದರೆ ಅದು, ಇಲ್ಲದಿದ್ದರೆ ಉತ್ತರ ಬರಲಿಲ್ಲ ಅನ್ನೋದು. ಎರಡೇ ಸಾಲಾದರೂ ಪರವಾಗಿಲ್ಲ.

ಕ್ರಿಯಾಪದದ ಮೇಲೂ ಕಣ್ಣಿರಲಿ. ಒಬ್ಬರು ‘ವಿವರಿಸಿದರು’, ಇನ್ನೊಬ್ಬರು ‘ಆರೋಪಿಸಿದರು’ ಅಂತ ಬರೆದರೆ ತೀರ್ಪು ಕೊಟ್ಟ ಹಾಗೆಯೇ. ‘ಹೇಳಿದರು’, ‘ಕೇಳಿದರು’ ಅಂತ ಬರೆಯುತ್ತಾ ಹೋದರೆ ಓದಲು ಸಪ್ಪೆ, ಆದರೆ ತಕರಾರು ಬರೋದಿಲ್ಲ.

ಮುಧೋಳದ ಓದುಗಿ:
ಮತ್ತೆ ಕೂತು ಕೇಳಿದೆ. ಸಿಕ್ಕಿತು ಸರ್. 1:52:40ರಲ್ಲಿ ಸಭಿಕರೊಬ್ಬರು ಕೇಳಿದಾಗ ಕಾರ್ಖಾನೆಯವರು ‘3,300 ಅಂದರೆ ಕಟಾವು, ಸಾಗಣೆ ಎಲ್ಲಾ ಸೇರಿ’ ಅಂದಿದ್ದಾರೆ. ಅದಾದ ಮೇಲೆ ಗದ್ದಲ. ಈಗ ದರದ ಭಾಗ ಹೀಗೆ ಬರೆದಿದ್ದೇನೆ:

‘ಕಟಾವು, ಸಾಗಣೆ ಕಳೆದು ಟನ್ನಿಗೆ 3,500 ರೈತನ ಕೈಗೆ ಬರಬೇಕೆಂದು ರೈತ ಮುಖಂಡರು ಕೇಳಿದರು. ಕೇಂದ್ರ 3,550 ಎಂದಿದೆ ಎಂದು ಅವರು ಹೇಳಿದರು. ಕಟಾವು, ಸಾಗಣೆ ಸೇರಿ 3,300 ಕೊಡಬಹುದೆಂದು ಕಾರ್ಖಾನೆ ಪರ ಹೇಳಿದರು. ಸಕ್ಕರೆಯ ಕನಿಷ್ಠ ಮಾರಾಟ ದರ 2019ರಲ್ಲಿ ನಿಗದಿಯಾದದ್ದನ್ನು ಕಾರಣವಾಗಿ ಕೊಟ್ಟರು. ಎರಡೂ ದರಗಳನ್ನು ಒಂದೇ ಲೆಕ್ಕಕ್ಕೆ ತಂದು ಯಾರೂ ಹೋಲಿಸಲಿಲ್ಲ.’

ವಿಜಯಪುರದ ಉಪನ್ಯಾಸಕಿ:
ಕೊನೆಯ ಸಾಲು ನಿಮ್ಮದು, ಚರ್ಚೆಯದಲ್ಲ. ನಾನಾಗಿದ್ದರೆ ತೆಗೆಯುತ್ತಿದ್ದೆ.

ಬೆಳಗಾವಿಯ ನಡಾವಳಿ ಬರಹಗಾರ:
ನಾನು ಇಡುತ್ತಿದ್ದೆ. ಆ ಗದ್ದಲದಲ್ಲಿ ಯಾರಾದರೂ ಹೋಲಿಸಿದರಾ ಅಂತ ಮಾತ್ರ ಇನ್ನೊಮ್ಮೆ ನಿಧಾನಕ್ಕೆ ಕೇಳಿ.