ಅಪ್‌ಡೇಟ್: ಸರಳರೇಖೆಗಳೆಲ್ಲ ಒಪ್ಪಿದರೂ ಮಿತಿ ಇಲ್ಲ

ನನ್ನ ಪ್ರಶ್ನೆ: "x²y/(x⁴+y²) ಉತ್ಪನ್ನಕ್ಕೆ ಮೂಲಬಿಂದುವಿನತ್ತ ಯಾವ ಸರಳರೇಖೆಯಲ್ಲಿ ಹೋದರೂ 0 ಬರುತ್ತದೆ. ಮಿತಿ 0 ಎಂದು ಬರೆಯಬಹುದೇ?"

ಬರೆಯಬಾರದು. ನಿನ್ನೆ ಸಂಜೆ ಜಯನಗರದಿಂದ ಮೆಟ್ರೊದಲ್ಲಿ ಬರುವಾಗ ಸರಳರೇಖೆಯಲ್ಲದ ದಾರಿಯನ್ನೂ ನೋಡಿ ಎಂದು ಇಲ್ಲಿ ಸಿಕ್ಕ ಸುಳಿವು ಹಿಡಿದು ಮತ್ತೆ ಲೆಕ್ಕ ಮಾಡಿದೆ. y=mx ಹಾಕಿದರೆ mx/(x²+m²) ಉಳಿಯುತ್ತದೆ, ಅದು 0 ಕಡೆಗೇ ಹೋಗುತ್ತದೆ. ನಾನು ಅಲ್ಲಿಗೇ ನಿಲ್ಲಿಸಿದ್ದೆ. ನೋಡಬೇಕಾಗಿದ್ದದ್ದು ಛೇದವನ್ನು: x⁴ ಮತ್ತು y² ಒಂದೇ ವೇಗದಲ್ಲಿ ಕುಗ್ಗುವ ದಾರಿ y=x² ಎಂಬ ಪರವಲಯ. ಅದು ಮೂಲಬಿಂದುವಿನ ಮೂಲಕವೇ ಹಾದುಹೋಗುತ್ತದೆ, ಅಷ್ಟು ಖಚಿತಪಡಿಸಿಕೊಳ್ಳಲೇಬೇಕು. ಆಗ x⁴/(2x⁴), ಅಂದರೆ 1/2. x=0.1, y=0.01 ಇಟ್ಟು ನೋಡಿದೆ: 0.0001/0.0002. ಎಷ್ಟು ಹತ್ತಿರ ಹೋದರೂ ಬೆಲೆ ಅರ್ಧದಿಂದ ಕದಲುವುದಿಲ್ಲ!

ಎರಡು ದಾರಿ, ಎರಡು ಬೆಲೆ. ಆದ್ದರಿಂದ ಮಿತಿ ಇಲ್ಲ. ಸುಳಿವು ಕೊಟ್ಟವರಿಗೆ ಮನಃಪೂರ್ವಕ ಧನ್ಯವಾದಗಳು.