ಹನ್ನೆರಡು ಕ್ರ್ಯಾಂಕಿಗೆ ಡೈ ಹಾಕಿಸೋದಾ, ಬಾರಿನಿಂದ ಕಡಿಸೋದಾ?

ಕೇಳಿದವರು: ನಾಲ್ಕು ಸಿಲಿಂಡರ್ ಎಂಜಿನ್, ಸ್ಟ್ರೋಕ್ 86 ಮಿ.ಮೀ. ಒಟ್ಟು 12 ಕ್ರ್ಯಾಂಕ್‌ಶಾಫ್ಟ್ ಬೇಕು. ಇಎನ್ 24 ಉಕ್ಕಿನ ಬಾರಿನಿಂದ ಕಡಿಸಲೋ, ಬಿಸಿ ಉಕ್ಕನ್ನ ಡೈಯಲ್ಲಿ ಒತ್ತಿ ಫೋರ್ಜಿಂಗ್ ಮಾಡಿಸಲೋ? ಬಾರಿನದ್ದರಲ್ಲಿ ಗ್ರೇನ್ ಫ್ಲೋ, ಅಂದರೆ ಲೋಹದೊಳಗಿನ ಎಳೆ, ಕಡಿದುಹೋಗುತ್ತೆ, ಮುರಿಯುತ್ತೆ ಅಂತಾರೆ. ಮಾಡಿಸಿದವರು ಹೇಳಿ.

ಡೈಮೇಕರ್: ಮುರಿದೇ ಮುರಿಯುತ್ತೆ. ಕೊಡಲಿ ಕಾವಿಗೆ ಹುಟ್ಟಾ ಡೊಂಕಾದ ಕೊಂಬೆ ತರೋದಕ್ಕೂ, ಹಲಗೆಯಲ್ಲಿ ಡೊಂಕು ಕೊಯ್ಯೋದಕ್ಕೂ ಇರೋ ವ್ಯತ್ಯಾಸವೇ ಇಲ್ಲೂ. ಡೈಯಲ್ಲಿ ಒತ್ತಿದಾಗ ಎಳೆ ಬೇರಿಂಗಲ್ಲಿ ಕೂರೋ ಜರ್ನಲ್‌ನಿಂದ ನಡುವಿನ ತೋಳಾದ ವೆಬ್‌ಗೆ, ವೆಬ್‌ನಿಂದ ಕನೆಕ್ಟಿಂಗ್ ರಾಡ್ ಹಿಡಿಯೋ ಪಿನ್‌ಗೆ ಬಳಸಿಕೊಂಡು ಹೋಗುತ್ತೆ. ನಮ್ಮ ಕ್ರ್ಯಾಂಕ್ ಮುಗಿದಾಗ 17 ಕೆಜಿ, ಫೋರ್ಜಿಂಗ್ 25 ಕೆಜಿ, ಒಲೆಗೆ ಹಾಕಿದ ತುಂಡು, ಡೈ ಸಂದಿಯಿಂದ ಹೊರಗೆ ಉಕ್ಕೋ ಫ್ಲ್ಯಾಶ್ ಸೇರಿ, 30 ಕೆಜಿ. ನಾಲ್ಕು ಸಿಲಿಂಡರಿನ ಪಿನ್‌ಗಳೆಲ್ಲ ಒಂದೇ ಸಮತಲದಲ್ಲಿರೋದರಿಂದ ಡೈ ಸೀದಾ ಬಿಡುತ್ತೆ, ಬಿಸಿಯಲ್ಲೇ ತಿರುಚೋ ಕೆಲಸವೂ ಇಲ್ಲ. ಆದರೂ ಮೊದಲ ಲಾಟ್ ಹಾಳಾಯಿತು. ಮೊದಲ ಒರಟು ಆಕಾರ ಕೊಡೋ ಪ್ರಿಫಾರ್ಮ್ ಡೈಯಲ್ಲಿ ವೆಬ್ ಮೂಲೆಯ ರೇಡಿಯಸ್ ಸಣ್ಣದಾಗಿ ಲೋಹ ಅಲ್ಲಿ ಮಡಚಿಕೊಂಡಿತು. ಮಡಿಕೆ ಮೇಲಿಂದ ಕೂದಲೆಳೆ ಗೆರೆಯಷ್ಟೇ, ಒಳಗೆ 4 ಮಿ.ಮೀ. ಆಳ. ಮೆಷಿನಿಂಗ್ ಅಲವೆನ್ಸ್ 2.5 ಮಿ.ಮೀ. ಮಾತ್ರ ಇತ್ತು. ಡೈ ಮತ್ತೆ ಕೆತ್ತಿಸಬೇಕಾಯಿತು.

ಬಾರ್ ಪಕ್ಷ: ಮುರಿದೇ ಮುರಿಯುತ್ತೆ ಅಂದವರದ್ದೇ ಮಡಚಿಕೊಂಡಿತಲ್ಲ! ನಮ್ಮದು 165 ಮಿ.ಮೀ. ವ್ಯಾಸದ ಬಾರ್, 500 ಮಿ.ಮೀ. ಉದ್ದ, ತೂಕ 84 ಕೆಜಿ. ಉಳಿಯೋದು 17. ಹತ್ತಿರತ್ತಿರ 67 ಕೆಜಿ ಚಿಪ್ಸ್, ಅಂದರೆ ಎಂಟೂವರೆ ಲೀಟರ್ ಲೋಹ. ನಿಮಿಷಕ್ಕೆ 60 ಘನ ಸೆಂ.ಮೀ. ತೆಗೆದರೆ ಎರಡು ಗಂಟೆ ಇಪ್ಪತ್ತು ನಿಮಿಷ ಅಂತ ಕಾಗದದ ಮೇಲೆ ಬರುತ್ತೆ, ಆದರೆ ವೆಬ್‌ಗಳ ನಡುವಿನ ಆಳದ ಸಂದಿಯಲ್ಲಿ ಉದ್ದ ಟೂಲ್ ನಡುಗುತ್ತೆ, ಅಲ್ಲಿ 15ಕ್ಕಿಂತ ಮೇಲೆ ಹೋಗಲ್ಲ. ನಿಜದಲ್ಲಿ ರಫಿಂಗ್‌ಗೇ ಏಳು ಗಂಟೆ, ಪೂರ್ತಿ ಕ್ರ್ಯಾಂಕಿಗೆ ಗ್ರೈಂಡಿಂಗ್ ಸೇರಿ ಹದಿನಾರು.

ಆದರೂ ಲೆಕ್ಕ ಇದು. ನಮಗೆ ಬಂದ ಕೊಟೇಶನ್‌ನಲ್ಲಿ ಪ್ರಿಫಾರ್ಮ್, ಫಿನಿಶ್, ಟ್ರಿಮ್ಮಿಂಗ್ ಡೈಗಳ ಸೆಟ್ಟಿಗೇ ಬಾರಿನಿಂದ ಮುಗಿಸಿದ 35 ಕ್ರ್ಯಾಂಕಿನ ದುಡ್ಡು. ಆಮೇಲೆ ಫೋರ್ಜಿಂಗ್‌ನಿಂದ ಮುಗಿಸಿದ ಒಂದೊಂದಕ್ಕೆ ಬಾರಿನದ್ದರ ಹತ್ತರಲ್ಲಿ ನಾಲ್ಕು ಪಾಲು. ಎರಡೂ ಸಮ ಆಗೋದು 58ರ ಆಸುಪಾಸಿನಲ್ಲಿ. ಹನ್ನೆರಡಕ್ಕೆ ಡೈ ಹಾಕಿಸಿದರೆ ಸುಮಾರು 40 ಕ್ರ್ಯಾಂಕಿನ ದುಡ್ಡಲ್ಲಿ 12 ಕೈಗೆ ಬರುತ್ತೆ. ಅದೂ ಮಡಿಕೆ ಬೀಳದಿದ್ದರೆ.

ಡೈಮೇಕರ್: ಮುಂದಿನ ವರ್ಷ ಇನ್ನೂ 60 ಬೇಕಾದರೆ?

ಬಾರ್ ಪಕ್ಷ: ಅವರು ಕೇಳಿದ್ದು 12 ಸ್ವಾಮಿ.

ಹಳೇ ಗ್ರೈಂಡರ್: ಕ್ರ್ಯಾಂಕ್ ಒಂದು ಸೈಜ್ ಕೆಳಗೆ ಗ್ರೈಂಡ್ ಮಾಡಿಸಿ, ದಪ್ಪ ಬೇರಿಂಗ್ ಹಾಕಿಸಿ. ಹೊಸದು ಯಾಕೆ? ನಾವು 0.50 ಮಿ.ಮೀ.ವರೆಗೂ ಇಳಿಸುತ್ತೇವೆ, ಓಡುತ್ತೆ.

ಬಾರ್ ಪಕ್ಷ: ಹಳೇದೇ ಇಲ್ಲ ಅಣ್ಣ, ಹೊಸ ಎಂಜಿನ್. ಅಲ್ಲದೆ ನೈಟ್ರೈಡ್ ಆದ, ಅಂದರೆ ಸಾರಜನಕದಿಂದ ಮೇಲ್ಮೈ ಗಟ್ಟಿ ಮಾಡಿದ ಕ್ರ್ಯಾಂಕನ್ನ ವ್ಯಾಸದಲ್ಲಿ 0.50 ಇಳಿಸಿದರೆ ಕೇಸ್ ಅನ್ನೋ ಹೊರಪದರದ ಗಟ್ಟಿ ಭಾಗ ಬಹುಪಾಲು ಹೊರಟೇಹೋಗುತ್ತೆ. ಮತ್ತೆ ನೈಟ್ರೈಡ್ ಮಾಡಿಸದೆ ಕೊಡ್ತಾ ಇದ್ದೀರಾ?

ಹೀಟ್ ಟ್ರೀಟ್‌ಮೆಂಟ್: ಎಳೆಯ ವಿಷಯದಲ್ಲಿ ಇಬ್ಬರೂ ಅರ್ಧ ಸರಿ. ಉಕ್ಕಿನಲ್ಲಿ ಎಳೆ ಅಂದರೆ ಬಹುತೇಕ ಮ್ಯಾಂಗನೀಸ್ ಸಲ್ಫೈಡ್ ಕಣಗಳು ರೋಲಿಂಗ್‌ನಲ್ಲಿ ದಾರದ ಹಾಗೆ ಎಳೆದುಕೊಂಡಿರೋದು. ಬಾರಿನಿಂದ ಕಡಿದ ಕ್ರ್ಯಾಂಕಿನ ಜರ್ನಲ್ಲು ಪಿನ್ನುಗಳಲ್ಲಿ ಈ ದಾರ ಉದ್ದಕ್ಕೇ ಇರುತ್ತೆ, ಅಲ್ಲಿ ತೊಂದರೆಯಿಲ್ಲ. ವೆಬ್‌ನಲ್ಲಿ ಮಾತ್ರ ಎಳೆತ ದಾರಕ್ಕೆ ಅಡ್ಡ ಬರುತ್ತೆ, ದಾರದ ತುದಿಗಳು ಪಿನ್ನು ವೆಬ್ ಸೇರೋ ಮೂಲೆಯ ದುಂಡು ಫಿಲೆಟ್ ಪಕ್ಕದಲ್ಲೇ ಹೊರಗೆ ಬಿಚ್ಚಿಕೊಳ್ಳುತ್ತವೆ. ಬಿರುಕು ಹುಟ್ಟೋದೂ ಫಿಲೆಟ್‌ನಲ್ಲೇ. ಕೊಳೆ ಇರೋ ಉಕ್ಕಿನಲ್ಲಿ ಅಡ್ಡ ದಿಕ್ಕಿನ ಫಟೀಗ್ ಬಲ ಐದರಲ್ಲಿ ಒಂದು ಪಾಲಿನಷ್ಟು ಬಿದ್ದುಹೋದರೂ ಆಶ್ಚರ್ಯವಿಲ್ಲ. ನಿರ್ವಾತದಲ್ಲಿ ಮರುಕರಗಿಸಿದ ಬಾರಿನಲ್ಲಿ ದಾರವೇ ತೆಳು, ಅಲ್ಲಿ ಅಂತರ ತೀರಾ ಕಡಿಮೆ. ರೇಸ್ ಎಂಜಿನ್ನುಗಳಲ್ಲಿ ಬಾರಿನ ಕ್ರ್ಯಾಂಕ್ ನಿಲ್ಲೋದು ಇದರಿಂದ. ಮೆಷಿನಿಂಗ್ ಸುಲಭ ಆಗಲಿ ಅಂತ ಗಂಧಕ ಸೇರಿಸಿದ ಬಾರ್ ಮಾತ್ರ ಮುಟ್ಟಲೇಬೇಡಿ.

ಇನ್ನೊಂದು ತಪ್ಪು ಎಲ್ಲರೂ ಮಾಡೋದು. 165ರ ಬಾರನ್ನ ಹಾಗೇ ಗಟ್ಟಿ ಮಾಡಿಸಿ ಆಮೇಲೆ ಕಡಿಯುತ್ತಾರೆ. ಕ್ವೆಂಚ್ ಅಷ್ಟು ದಪ್ಪದ ಒಳಗೆ ಹೊರಗಿನಷ್ಟು ವೇಗವಾಗಿ ತಣಿಸಲ್ಲ. ಮೇನ್ ಜರ್ನಲ್ ಬರೋದೇ ಬಾರಿನ ನಡುವಿನಲ್ಲಿ, ಅಂದರೆ ಮೆತ್ತಗಿನ ಭಾಗದಲ್ಲಿ. ಮೊದಲು ಎಲ್ಲ ಕಡೆ 3 ಮಿ.ಮೀ. ಬಿಟ್ಟು ರಫ್ ಮಾಡಿ, ಆಮೇಲೆ ಕ್ವೆಂಚ್, 620 ಡಿಗ್ರಿಯಲ್ಲಿ ಟೆಂಪರ್, ಆಮೇಲೆ 0.5 ಬಿಟ್ಟು ಸೆಮಿ ಫಿನಿಶ್. ನಂತರ 580ರಲ್ಲಿ ನೇರ ನೇತುಹಾಕಿ ಸ್ಟ್ರೆಸ್ ರಿಲೀವ್. ಕೊನೆಗೆ ಗ್ರೈಂಡ್, 510ರ ಸುಮಾರಿನಲ್ಲಿ ನೈಟ್ರೈಡ್. ಪ್ರತಿ ಸಲವೂ ಹಿಂದಿನದಕ್ಕಿಂತ ಬಿಸಿ ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಹಿಂದಿನ ಗಟ್ಟಿತನ ಇಳಿಯುತ್ತೆ. ಇಎನ್ 24ಗಿಂತ ಇಎನ್ 40ಬಿ ನೈಟ್ರೈಡ್‌ಗೆ ಒಳ್ಳೇದು, ಮೇಲ್ಮೈ ಇನ್ನೂ ಗಟ್ಟಿ ಬರುತ್ತೆ.

ಡೈಮೇಕರ್: ಅಷ್ಟೆಲ್ಲ ಆದಮೇಲೆ ಸೊಟ್ಟ ಆದರೆ? ಪ್ರೆಸ್‌ನಲ್ಲಿ ಒತ್ತಿದರೆ ಆಯಿತು.

ಹೀಟ್ ಟ್ರೀಟ್‌ಮೆಂಟ್: ನೈಟ್ರೈಡ್ ಆದಮೇಲೆ ಒತ್ತಿದರೆ ಫಿಲೆಟ್‌ನಲ್ಲಿ ಕೇಸ್ ಬಿರಿಯುತ್ತೆ. ಕಣ್ಣಿಗೆ ಕಾಣಲ್ಲ, ಬಿರುಕು ತೋರಿಸೋ ಮ್ಯಾಗ್ನಾಫ್ಲಕ್ಸ್ ಹಾಕಿದರೆ ಉಂಗುರದ ಹಾಗೆ ಗೆರೆ ಮೂಡುತ್ತೆ. ಸೊಟ್ಟ ನೋಡೋದು ಸ್ಟ್ರೆಸ್ ರಿಲೀವ್ ಆದಮೇಲೆ, ಗ್ರೈಂಡಿಂಗ್‌ಗೆ ಮೊದಲು.

ಡೈಮೇಕರ್: ನಾವು ಎಷ್ಟೋ ಒತ್ತಿದ್ದೇವೆ, ಏನೂ ಆಗಿಲ್ಲ.

ಹೀಟ್ ಟ್ರೀಟ್‌ಮೆಂಟ್: ಮ್ಯಾಗ್ನಾಫ್ಲಕ್ಸ್ ಹಾಕಿ ನೋಡಿದ್ದೀರಾ, ಅಥವಾ ಗಿರಾಕಿ ಫೋನ್ ಮಾಡಲಿಲ್ಲ ಅಂತ ಏನೂ ಆಗಿಲ್ಲವಾ?

ಬಾರ್ ಪಕ್ಷ: 😀 ಗ್ರೈಂಡಿಂಗ್ ವೀಲ್‌ನ ಮೂಲೆ ಸವೆದಾಗ ಏನಾಗುತ್ತೆ ಅದನ್ನೂ ಹೇಳಿ. ಡ್ರಾಯಿಂಗ್‌ನಲ್ಲಿ ಫಿಲೆಟ್ 3 ಮಿ.ಮೀ., ಕೆಲಸದಲ್ಲಿ 2 ಬರುತ್ತೆ, ಕೊನೆಯಲ್ಲಿ ಒಂದು ಮೆಟ್ಟಿಲು ಬೇರೆ. ಅಲ್ಲೇ ಮುರಿದು, ಬೈಗುಳ ಮಾತ್ರ ಗ್ರೇನ್ ಫ್ಲೋಗೆ.

ಹೊಸ ಲೇತ್: ಫೋರ್ಜ್ಡ್ ಬಿಲೆಟ್ ಅಂತ ಒಬ್ಬರು ಮಾರ್ತಾ ಇದ್ದಾರೆ, ಅದರಲ್ಲಿ ಎರಡೂ ಲಾಭ ಇರುತ್ತಲ್ಲ?

ಡೈಮೇಕರ್: ಅದು ಹ್ಯಾಮರ್ ಕೆಳಗೆ ಬಡಿದ ದುಂಡು ಬಾರ್ ಅಷ್ಟೇ. ಬಿಲೆಟ್ ಅನ್ನೋದು ನಮ್ಮ ಒಲೆಗೂ ಹೋಗುತ್ತೆ, ಎಲ್ಲ ಫೋರ್ಜಿಂಗೂ ಬಿಲೆಟ್‌ನಿಂದಲೇ. ಆ ಹೆಸರಿಟ್ಟು ಬಾರ್ ಕಡಿದು ಮಾರೋರನ್ನ ಕಂಡರೆ ಮೈ ಉರಿಯುತ್ತೆ.

ಹೀಟ್ ಟ್ರೀಟ್‌ಮೆಂಟ್: ಇದು ಮಾತ್ರ ಡೈಮೇಕರ್ ಹೇಳಿದ್ದು ಸರಿ. ಬಡಿದರೆ ನಡುವಿನ ಪೊಳ್ಳು ಮುಚ್ಚುತ್ತೆ, ಒಳ್ಳೇದೇ, ಆದರೆ ದಾರ ನೇರವಾಗಿಯೇ ಇರುತ್ತೆ. ಅನುಮಾನ ಇದ್ದರೆ ಒಂದು ಕ್ರ್ಯಾಂಕ್ ಬಲಿ ಕೊಡಿ. ಮೇನ್ ಮತ್ತು ಪಿನ್‌ಗಳ ನಡುಗೆರೆ ಹಿಡಿದು ಉದ್ದಕ್ಕೆ ಸೀಳಿ, ಗ್ರೈಂಡ್ ಮಾಡಿ, ಅರ್ಧ ಹೈಡ್ರೋಕ್ಲೋರಿಕ್ ಆಸಿಡ್ ಅರ್ಧ ನೀರು 70–80 ಡಿಗ್ರಿಯಲ್ಲಿ ಕಾಲು ಗಂಟೆ, ಬೇಕಾದರೆ ಅರ್ಧ ಗಂಟೆ ಅದ್ದಿ. ಹೊಗೆ ಹೊರಗೆ ಹೋಗೋ ಕಡೆ ಮಾಡಿ, ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ಡೈಯದ್ದಾದರೆ ದಾರ ಹೊಳೆ ಬಳುಕಿದ ಹಾಗೆ ವೆಬ್ ಸುತ್ತ ಕಾಣುತ್ತೆ, ಬಾರಿನದ್ದಾದರೆ ಸೀದಾ ಗೆರೆ. ಮಡಿಕೆ ಇದ್ದರೆ ಕಪ್ಪಾಗಿ ಒಳಕ್ಕೆ ಹೋಗಿರುತ್ತೆ.

ಬಾರ್ ಪಕ್ಷ: ಡೈಯದ್ದರಲ್ಲೂ ಫ್ಲ್ಯಾಶ್ ಕತ್ತರಿಸಿದ ಸಾಲಿನಲ್ಲಿ ದಾರ ಹೊರಗೆ ಬಂದಿರುತ್ತೆ, ಅದನ್ನ ಯಾಕೆ ಹೇಳಲ್ಲ?

ಡೈಮೇಕರ್: ಆ ಸಾಲು ಫಿಲೆಟ್‌ನ ಯಾವ ಜಾಗ ದಾಟುತ್ತೆ ಅನ್ನೋದು ನಾವು ಡೈ ಕೆತ್ತೋ ಮೊದಲೇ ನೋಡೋ ವಿಷಯ.

ಕೇಳಿದವರು: ಬಾರೇ ಕಡಿಸ್ತೀನಿ, ರಫ್ ಆದಮೇಲೆ ಗಟ್ಟಿ ಮಾಡಿಸ್ತೀನಿ. ಆದರೆ ಇಎನ್ 40ಬಿ 165 ವ್ಯಾಸದಲ್ಲಿ ಸಿಗ್ತಿಲ್ಲ, 180 ಇದೆಯಂತೆ. ಆಗ 100 ಕೆಜಿ.

ಬಾರ್ ಪಕ್ಷ: ಹಾಗಾದರೆ ಚಿಪ್ಸ್ 83 ಕೆಜಿ. ಕೌಂಟರ್‌ವೇಟ್ ತ್ರಿಜ್ಯ ಎಷ್ಟು? 80 ಇದ್ದರೆ 76 ಮಾಡಿ, ತೂಕ ಅಗಲದಲ್ಲಿ ಸರಿದೂಗಿಸಿ, 155ರ ಬಾರ್ ಹುಡುಕಿ.

ಹಳೇ ಗ್ರೈಂಡರ್: ಬ್ಯಾಲೆನ್ಸಿಂಗ್ ಯಾರ ಹತ್ತಿರ ಮಾಡಿಸ್ತೀರಿ ಅಂತ ಯಾರೂ ಕೇಳಲೇ ಇಲ್ಲ.